6 ಮಿ.ಮೀ. ಕಲ್ಲು, ಜೊತೆಗೆ ಉರಿಮೂತ್ರ: ಬಾಳೆದಿಂಡಿನ ರಸ, ಬಾರ್ಲಿ ನೀರನ್ನು ಎಷ್ಟು ನಂಬಬಹುದು?

ತೋಟದಮನೆ, ಶಿರಸಿ

ಕಳೆದ ವಾರ ನಮ್ಮನೆಯವರಿಗೆ ಎಡಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ಹಾಗೆ ನೋವು ಬಂತು. ವಾಂತಿಯೂ ಆಯಿತು. ಸ್ಕ್ಯಾನಿಂಗ್ ಮಾಡಿಸಿದರೆ ಎಡ ಮೂತ್ರನಾಳದ ಕೆಳಗಿನ ಭಾಗದಲ್ಲಿ 6 ಮಿ.ಮೀ. ಕಲ್ಲು, ಎಡ ಕಿಡ್ನಿ ಸ್ವಲ್ಪ ಊದಿಕೊಂಡಿದೆ ಅಂತ ಬಂದಿದೆ. ಜ್ವರ ಇಲ್ಲ, ಕ್ರಿಯಾಟಿನಿನ್ ಸರಿ ಇದೆ. ನೋವಿನ ಮಾತ್ರೆ, ರಾತ್ರಿಗೊಂದು ಕ್ಯಾಪ್ಸೂಲ್ ಕೊಟ್ಟಿದ್ದಾರೆ. ತಾನಾಗಿ ಹೋಗಬಹುದು, ನಾಲ್ಕು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ ಅಂದರು.

ಮನೆಯಲ್ಲಿ ಅತ್ತೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ಬಾಳೆದಿಂಡಿನ ರಸ ಕೊಡ್ತಿದ್ದಾರೆ. ದಿಂಡು ನಮ್ಮ ತೋಟದ್ದೇ. ಕಲ್ಲು ಕರಗಿಯೇ ಹೋಗ್ತದೆ, ಮತ್ತೆ ಸ್ಕ್ಯಾನಿಗೆ ಹಣ ಹಾಕೋದು ಬೇಡ ಅಂತಾರೆ ಅವರು.

ಇನ್ನೊಂದು ನನ್ನದೇ ವಿಷಯ. ನನಗೆ ಈ ವರ್ಷ ಉರಿಮೂತ್ರ ಮತ್ತೆ ಮತ್ತೆ ಬರ್ತಾ ಇದೆ. ಈಗ ಮತ್ತೆ ಶುರುವಾಗಿದೆ. ಡಾಕ್ಟ್ರು ನೈಟ್ರೋಫ್ಯುರಾಂಟೊಯಿನ್ ಬರೆದಿದ್ದಾರೆ. ಬಾರ್ಲಿ ನೀರು ಕುಡಿದರೆ ಸಾಕು, ಆ ಮಾತ್ರೆ ಉಷ್ಣ ಅಂತ ಮನೆಯಲ್ಲಿ ಹೇಳ್ತಾರೆ. ಅತ್ತೆಯ ಮಾತನ್ನು ತೆಗೆದುಹಾಕುವ ಮನಸ್ಸಿಲ್ಲ ನನಗೆ. ಇವೆರಡರ ಹಿಂದೆ ನಿಜವಾಗಿ ಏನು ಆಧಾರ ಇದೆ, ಗೊತ್ತಿದ್ದವರು ಹೇಳಿ.

ಬೈತಖೋಲ್ ಬೋಟಿನವ

ಅಕ್ಕ, ಕಣ್ಣು ಮುಚ್ಚಿ ಕೊಡಿ. ನನಗೆ 4 ಮಿ.ಮೀ. ಕಲ್ಲು ಇತ್ತು. ಬೋಟಿನ ಮೇಲೆ ಇರುವಾಗಲೇ ನೋವು ಬಂದು ಬಿದ್ದು ಹೊರಳಾಡಿದ್ದೇನೆ. ಕಾರವಾರದಲ್ಲಿ ಚುಚ್ಚುಮದ್ದು ಹಾಕಿಸಿಕೊಂಡು ಮನೆಗೆ ಬಂದೆ. ಹೆಂಡತಿ ದಿಂಡಿನ ರಸ ಕೊಟ್ಟಳು, ಹತ್ತು ಹನ್ನೆರಡು ದಿನದಲ್ಲಿ ಮೂತ್ರದಲ್ಲಿ ಟಣ್ ಅಂತ ಬಿತ್ತು. ಇದಕ್ಕಿಂತ ಆಧಾರ ಏನು ಬೇಕು ಮಾರಾಯ್ರೆ?

ಅಂಕೋಲಾ ಮೇಷ್ಟ್ರು

ಇದರಲ್ಲಿ ರಸಾಯನಶಾಸ್ತ್ರ ಇದೆ. ಬಾಳೆದಿಂಡಿನಲ್ಲಿ ಪೊಟ್ಯಾಸಿಯಂ ಹೇರಳ. ಅದು ಮೂತ್ರದ ಆಮ್ಲತೆಯನ್ನು ಇಳಿಸುತ್ತದೆ. ಆಮ್ಲತೆ ಇಳಿದರೆ ಕಲ್ಲು ಕರಗುತ್ತದೆ. ಯುರಾಲಜಿಯವರು ಕೊಡುವ ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ಪಿನ ಕೆಲಸವೂ ಇದೇ ಅಲ್ಲವೇ? ಹಾಗಾಗಿ ಅಜ್ಜಿಯರ ಮದ್ದು ಅವೈಜ್ಞಾನಿಕ ಅನ್ನಬೇಡಿ. ಜೊತೆಗೆ, ಕಲ್ಲು ಎಂದರೆ ಕ್ಯಾಲ್ಸಿಯಂ. ಹಾಲು, ಮೊಸರು, ಎಲೆಯಡಿಕೆಯ ಸುಣ್ಣ ಎಲ್ಲ ನಿಲ್ಲಿಸಿ.

ಹೊನ್ನಾವರ ಸಿಸ್ಟರ್

ನಾನು ಯುರಾಲಜಿ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಊರಿಗೆ ಬಂದವಳು. ತಂಗಿ, ನಿಮ್ಮ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡುತ್ತೇನೆ. ಮೊದಲು ಕಲ್ಲು.

ಬೈತಖೋಲಿನ ಅಣ್ಣ ಹೇಳಿದ್ದು ಸುಳ್ಳಲ್ಲ, ಕಲ್ಲು ಬಿದ್ದದ್ದು ನಿಜ. ಆದರೆ 4 ಮಿ.ಮೀ. ಕಲ್ಲು ಏನೂ ಕುಡಿಯದಿದ್ದರೂ ಬೀಳುವಂಥದ್ದು. 5 ಮಿ.ಮೀ. ಒಳಗಿನವು ನೂರರಲ್ಲಿ ಸುಮಾರು 68 ತಾವಾಗಿ ಹೋಗುತ್ತವೆ, 5ರಿಂದ 10 ಮಿ.ಮೀ. ನಡುವಿನವು 47ರಷ್ಟು. ಕೆಳಗಿನ ತುದಿಗೆ ಬಂದು ನಿಂತದ್ದಾದರೆ ಮೇಲಿನದಕ್ಕಿಂತ ಹೆಚ್ಚು ಆಸೆ ಇಡಬಹುದು. ಬೀಳುವುದಕ್ಕೂ ದಿನ ಹಿಡಿಯುತ್ತದೆ, 4ರಿಂದ 6 ಮಿ.ಮೀ. ಕಲ್ಲಿಗೆ ಸರಾಸರಿ ಮೂರು ವಾರ. ಆ ಮೂರು ವಾರದಲ್ಲಿ ಮನುಷ್ಯ ಏನು ಕುಡಿದಿರುತ್ತಾನೋ ಅದಕ್ಕೇ ಹೆಸರು ಬರುತ್ತದೆ. ನಮ್ಮ ವಾರ್ಡಿಗೆ ಬರುತ್ತಿದ್ದವರಲ್ಲಿ ಕೆಲವರು ದಿಂಡಿನ ರಸ, ಕೆಲವರು ಹುರುಳಿ ನೀರು, ಕೆಲವರು ಬಿಯರ್ ಅನ್ನುತ್ತಿದ್ದರು. ಎಲ್ಲರ ಕಲ್ಲೂ ಹೆಚ್ಚುಕಡಿಮೆ ಅಷ್ಟೇ ದಿನಕ್ಕೆ ಬೀಳುತ್ತಿತ್ತು.

ದಿಂಡಿನ ಮೇಲೆ ಸಂಶೋಧನೆ ಆಗಿಲ್ಲ ಅಂತಲ್ಲ, ಆಗಿದೆ. 1990ರ ದಶಕದಲ್ಲಿ ನಮ್ಮ ದೇಶದವರೇ ಇಲಿಗಳ ಮೇಲೆ ಮಾಡಿ ಒಳ್ಳೆಯ ಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ. ಇಲಿಗೆ ರಾಸಾಯನಿಕ ಕೊಟ್ಟು ಮೂತ್ರದಲ್ಲಿ ಆಕ್ಸಲೇಟ್ ಏರಿಸುತ್ತಾರೆ, ಆಮೇಲೆ ದಿಂಡಿನ ಸಾರ ಕೊಡುತ್ತಾರೆ. ಆಕ್ಸಲೇಟ್ ಇಳಿಯಿತು. ಅದು ಗೌರವ ಕೊಡಬೇಕಾದ ಕೆಲಸವೇ. ಆದರೆ ಅದು ಇಲಿಯ ಮೂತ್ರದ ರಸಾಯನದ ಮಾತು. ಮನುಷ್ಯನ ಮೂತ್ರನಾಳದಲ್ಲಿ ಸಿಕ್ಕಿಕೊಂಡ 6 ಮಿ.ಮೀ. ಕಲ್ಲಿನ ಮಾತು ಅಲ್ಲ. ಒಂದು ಗುಂಪಿಗೆ ರಸ, ಇನ್ನೊಂದಕ್ಕೆ ಅಷ್ಟೇ ನೀರು ಕೊಟ್ಟು ಯಾರ ಕಲ್ಲು ಬೇಗ ಹೋಯಿತು ಅಂತ ಅಳೆದ, ನೆಚ್ಚಿಕೊಳ್ಳಬಹುದಾದ ದೊಡ್ಡ ಪರೀಕ್ಷೆ ದಿಂಡಿಗೂ ಇಲ್ಲ, ಬಾರ್ಲಿಗೂ ಇಲ್ಲ.

ಮೇಷ್ಟ್ರೆ, ಸಿಟ್ರೇಟಿನ ಬಗ್ಗೆ ನೀವು ಹೇಳಿದ್ದರಲ್ಲಿ ಅರ್ಧ ಸರಿ. ಆಮ್ಲತೆ ಇಳಿಸಿದರೆ ಕರಗುವುದು ಮುಖ್ಯವಾಗಿ ಯೂರಿಕ್ ಆಸಿಡ್ ಕಲ್ಲು. ಅದಕ್ಕೂ ಮೂತ್ರದ ಪಿಎಚ್ 6.5ರ ಆಚೀಚೆ ವಾರಗಟ್ಟಲೆ ನಿಲ್ಲಬೇಕು, ಪಟ್ಟಿ ಅದ್ದಿ ನೋಡುತ್ತಾ ಡೋಸ್ ಹೊಂದಿಸಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಆಗುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಅದು ಸಿಟ್ರೇಟಿಗೂ ಕರಗುವುದಿಲ್ಲ, ದಿಂಡಿಗೂ ಕರಗುವುದಿಲ್ಲ. ಸಿಟ್ರೇಟ್ ಕೊಡುವುದು ಹೊಸ ಕಲ್ಲು ಹುಟ್ಟದಿರಲಿ ಅಂತ.

ತಂಗಿ, ಈಗ ನಿಮಗೆ ನಿಜವಾಗಿ ಬೇಕಾದ ಮಾತು. ನೋವು ಹೋದರೆ ಕಲ್ಲು ಹೋಯಿತು ಅಂತ ತಿಳಿಯಬೇಡಿ. ಕಲ್ಲು ಅಲ್ಲೇ ಇದ್ದು ನೋವು ನಿಲ್ಲುವುದುಂಟು. ಮೂತ್ರ ಇಳಿಯದೆ ಕಿಡ್ನಿ ಸದ್ದಿಲ್ಲದೆ ಹಾಳಾಗುವುದು ಹಾಗೆಯೇ. ಕಲ್ಲು ಕೈಗೆ ಸಿಗಬೇಕು, ಇಲ್ಲವೇ ಮತ್ತೆ ಸ್ಕ್ಯಾನ್ ಮಾಡಿಸಿ ಊತ ಇಳಿದದ್ದು ಕಾಣಬೇಕು. ನಾಲ್ಕು ವಾರ ಅಂದದ್ದು ಅದಕ್ಕೇ. ಅತ್ತೆಗೆ ಹೇಳುವಾಗ ರಸದ ಮೇಲೆ ಸಂಶಯ ಅಂತ ಹೇಳುವುದು ಬೇಡ, ಕಿಡ್ನಿಯ ಊತ ಇಳಿದದ್ದು ನೋಡಬೇಕು ಅಂತ ಹೇಳಿ. ಅವರು ಒಪ್ಪುತ್ತಾರೆ.

ಹಳಿಯಾಳ ಹೆಬ್ಬಾಗಿಲು

ನನ್ನ ಹೆಂಡತಿಗೂ ಕಲ್ಲು ಇದೆ, 11 ಮಿ.ಮೀ. ಪಿತ್ತಕೋಶದಲ್ಲಿ ಅಂತ ಬರೆದಿದ್ದಾರೆ. ಅವಳಿಗೂ ಬಾರ್ಲಿ ನೀರು ಶುರು ಮಾಡಬಹುದಾ? ಎಷ್ಟು ದಿನ?

ಹೊನ್ನಾವರ ಸಿಸ್ಟರ್

ಅಣ್ಣ, ಅದು ಬೇರೆ ಕಲ್ಲು. ಪಿತ್ತಕೋಶಕ್ಕೂ ಮೂತ್ರಕ್ಕೂ ಸಂಬಂಧ ಇಲ್ಲ, ಎಷ್ಟು ನೀರು ಕುಡಿದರೂ ಅದು ಆ ದಾರಿಯಲ್ಲಿ ಬರುವುದಿಲ್ಲ. ಊಟವಾದ ಮೇಲೆ ಬಲಪಕ್ಕೆಯಲ್ಲಿ ನೋವು ಬರುತ್ತಿದೆಯೇ ನೋಡಿ, ಬರುತ್ತಿದ್ದರೆ ಸರ್ಜನ್ ಹತ್ತಿರ ತೋರಿಸಿ. ಕಣ್ಣು ಹಳದಿಯಾದರೆ, ಜ್ವರ ಬಂದರೆ ತಡ ಮಾಡಬೇಡಿ.

ಬೈತಖೋಲ್ ಬೋಟಿನವ

ಸಿಸ್ಟರ್, ನೀವು ಹೇಳೋದು ಹೌದು ಅಂತಲೇ ಇಟ್ಟುಕೊಳ್ಳುವ. ಆದರೆ ನೋವು ಬಂದಾಗ ರಸ ಕುಡಿದು ಅದರ ಮೇಲೆ ಎರಡು ಲೀಟರ್ ನೀರು ಒಟ್ಟಿಗೆ ಕುಡಿದರೆ ಕಲ್ಲನ್ನು ತಳ್ಳುತ್ತದಲ್ಲ? ನಮ್ಮಲ್ಲಿ ಎಲ್ಲರೂ ಹಾಗೇ ಮಾಡೋದು.

ಹೊನ್ನಾವರ ಸಿಸ್ಟರ್

ತಳ್ಳುವುದಿಲ್ಲ ಅಣ್ಣ. ನೋವಿನಲ್ಲಿ ಬಂದವರಿಗೆ ಡ್ರಿಪ್ಪಿನಲ್ಲೇ ನೀರು ಸುರಿದು ನೋಡಿದ್ದಾರೆ. ಕಡಿಮೆ ಕೊಟ್ಟವರಿಗಿಂತ ಕಲ್ಲು ಬೇಗ ಬೀಳಲಿಲ್ಲ, ನೋವೂ ಕಡಿಮೆಯಾಗಲಿಲ್ಲ. ದಾರಿ ಕಟ್ಟಿರುವಾಗ ಮೇಲಿಂದ ಸುರಿದರೆ ಕಿಡ್ನಿ ಇನ್ನಷ್ಟು ಬಿಗಿಯುತ್ತದೆ, ನೋವು ಬರುವುದೇ ಆ ಬಿಗಿತದಿಂದ. ನೋವಿನ ಹೊತ್ತಿಗೆ ನೋವಿನ ಮದ್ದು, ಬಾಯಾರಿಕೆಗೆ ಬೇಕಾದಷ್ಟು ನೀರು. ಹೆಚ್ಚು ಕುಡಿಯುವುದು ಕಲ್ಲು ಹೋದ ಮೇಲೆ, ಜೀವನಪೂರ್ತಿ.

ನೀವು ಕಡಲಿನ ಮೇಲೆ ಇರುವವರಾದ್ದರಿಂದ ಇನ್ನೊಂದು ಮಾತು. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ಬೋಟು ತಿರುಗಿಸಲೇಬೇಕು. ಒಂದು ಸಂಗತಿ ಹೇಳುತ್ತೇನೆ. ಘಟ್ಟದ ಮೇಲಿನ ಊರಿನ ಹೆಂಗಸು, ಸಕ್ಕರೆ ಕಾಯಿಲೆ ಇದ್ದವರು. ಪಕ್ಕೆನೋವು, ಉರಿಮೂತ್ರ ಎರಡೂ ಒಟ್ಟಿಗೆ ಇತ್ತು. ಉಷ್ಣ ಆಗಿದೆ ಅಂತ ಮನೆಯಲ್ಲಿ ಬಾರ್ಲಿ ನೀರು, ದಿಂಡಿನ ರಸ ಕೊಟ್ಟರು. ಮರುದಿನ ನಡುಗುವ ಚಳಿ ಬಂತು, ಅದೂ ಉಷ್ಣದ್ದೇ ಅಂದುಕೊಂಡರು. ನಮ್ಮಲ್ಲಿಗೆ ತಲುಪುವಾಗ ಬಿ.ಪಿ. ಇಳಿದಿತ್ತು, ಮಾತು ತೊದಲುತ್ತಿತ್ತು, ಹಿಂದಿನ ರಾತ್ರಿಯಿಂದ ಮೂತ್ರ ತೀರಾ ಕಡಿಮೆ. ಕಲ್ಲು ಕಟ್ಟಿದ ಕಿಡ್ನಿಯೊಳಗೆ ಕೀವು ತುಂಬಿತ್ತು. ಆಂಟಿಬಯೋಟಿಕ್ ರಕ್ತಕ್ಕೆ ಹೋಗುತ್ತದೆ, ಆದರೆ ಕಟ್ಟಿಕೊಂಡ ಮೂತ್ರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಮೊದಲು ಒತ್ತಡ ಬಿಡಿಸಬೇಕು. ಬೆನ್ನಿನಿಂದ ಸಣ್ಣ ಕೊಳವೆ ಹಾಕಿದರು, ಕೀವು ಬಂತು. ಐಸಿಯುನಲ್ಲಿ ದಿನಗಟ್ಟಲೆ ಇದ್ದು ಬದುಕಿದರು. ಕಲ್ಲನ್ನು ತೆಗೆದದ್ದು ವಾರಗಳ ನಂತರ. ಆ ಕಲ್ಲು ಎಷ್ಟಿತ್ತು ಗೊತ್ತೇ, 7 ಮಿ.ಮೀ. ಜ್ವರ ಇಲ್ಲದಿದ್ದರೆ ಕಾಯಬಹುದಾದ ಕಲ್ಲು.

ನಮ್ಮ ಜಿಲ್ಲೆಯಿಂದ ಈ ಕೊಳವೆ ಹಾಕುವವರ ಹತ್ತಿರ ಹೋಗಬೇಕಾದರೆ ಬಹಳ ಸಲ ಮಣಿಪಾಲ, ಹುಬ್ಬಳ್ಳಿ, ಗೋವಾ ಅನ್ನಬೇಕು. ದಾರಿಯೇ ಎರಡು ಮೂರು ತಾಸು. ಬೆಳಿಗ್ಗೆವರೆಗೆ ನೋಡುವ ಅನ್ನುವುದಕ್ಕೆ ಇಲ್ಲಿ ಬೇರೆಯವರಿಗಿಂತ ಕಡಿಮೆ ಹೊತ್ತಿದೆ. ಕಲ್ಲು ಇದೆ ಅಂತ ಗೊತ್ತಿದ್ದವರಿಗೆ 100.4 ಡಿಗ್ರಿ ಜ್ವರ ಅಥವಾ ನಡುಕ ಬಂದರೆ, ಮೂತ್ರ ನಿಂತರೆ, ಕುಡಿದದ್ದೆಲ್ಲ ವಾಂತಿಯಾದರೆ ಅದೇ ರಾತ್ರಿ ಹೊರಡಬೇಕು. ಒಂದೇ ಕಿಡ್ನಿ ಇರುವವರು, ಬಸುರಿಯರು, ಸಕ್ಕರೆ ಕಾಯಿಲೆಯವರು ಇನ್ನೂ ಬೇಗ.

ಸಿದ್ದಾಪುರ ಪಂಡಿತರ ಮನೆ

ನಮ್ಮ ಮನೆತನ ಮೂರು ತಲೆಮಾರಿನಿಂದ ಮದ್ದು ಕೊಡುವವರು. ಸಿಸ್ಟರ್ ಹೇಳಿದ ಜ್ವರದ ಮಾತಿಗೆ ನನ್ನ ಒಪ್ಪಿಗೆ ಇದೆ. ಅಶ್ಮರಿಗೆ ಮದ್ದು ಫಲಿಸದಿದ್ದರೆ ಶಸ್ತ್ರ ಎಂದು ಸುಶ್ರುತನೇ ಹೇಳಿದ್ದಾನೆ. ಕಲ್ಲಿಗೆ ಮನೆಮದ್ದೊಂದೇ ಸಾಕು ಎನ್ನುವುದು ಆಯುರ್ವೇದದ ಮಾತಲ್ಲ.

ಆದರೆ ಒಂದು ಆಕ್ಷೇಪ ಇದೆ. ಪರೀಕ್ಷೆ ಆಗಿಲ್ಲ ಎಂದರೆ ಗುಣ ಇಲ್ಲ ಎಂದಲ್ಲ. ಬಾಳೆದಿಂಡಿಗೆ ಯಾವ ಕಂಪನಿಯೂ ಹಣ ಹಾಕುವುದಿಲ್ಲ, ಮಾರಿ ಲಾಭ ಮಾಡಲು ಬಾರದ ವಸ್ತು ಅದು. ನಮ್ಮಲ್ಲಿ ದಿಂಡನ್ನು ಮತ್ತೆ ಮತ್ತೆ ಕಲ್ಲು ಆಗುವವರಿಗೆ ಆಹಾರವಾಗಿ ಹೇಳುತ್ತೇವೆ. ವಾರಕ್ಕೆ ಎರಡು ಸಲ ಪಲ್ಯ, ಹಶಿ, ಸಾಸ್ಮೆ. ಬಾರ್ಲಿಯೂ ಹಾಗೆಯೇ, ಮೂತ್ರ ಧಾರಾಳವಾಗಿ ಆಗಲಿ ಎಂದು. ಕಷಾಯ, ಭಸ್ಮಗಳನ್ನು ನೋಡಿ ಕೊಡಬೇಕು, ಅದು ಬೇರೆ ವಿಷಯ. ಈಗ ಯೂಟ್ಯೂಬ್ ನೋಡಿ ದಿನಾ ಅರ್ಧ ಲೀಟರ್ ಹಸಿ ರಸ ಕುಡಿಯುವುದನ್ನು ನಮ್ಮ ಅಜ್ಜ ಹೇಳಿದವರಲ್ಲ.

ಹೊನ್ನಾವರ ಸಿಸ್ಟರ್

ಪಂಡಿತರೆ, ನೀವು ಹೇಳಿದ್ದು ನ್ಯಾಯವಾದ ಮಾತು. ಗುಣ ಇಲ್ಲ ಅಂತ ಸಾಬೀತಾಗಿದೆ ಎಂದು ನಾನು ಹೇಳಲಾರೆ. ಎಳನೀರಿನ ಮೇಲೆ 2018ರಲ್ಲಿ ಒಂದು ಸಣ್ಣ ಅಧ್ಯಯನ ಬಂತು. ಕಲ್ಲಿಲ್ಲದ ಎಂಟು ಜನರಿಗೆ ಎಳನೀರು ಕೊಟ್ಟು ಮೂತ್ರ ಹಿಡಿದು ನೋಡಿದರೆ ಸಿಟ್ರೇಟ್ ಏರಿತ್ತು. ಎಂಟೇ ಜನ, ಆದರೂ ಮನುಷ್ಯರ ಮೂತ್ರ. ದಿಂಡಿಗೂ ಯಾರಾದರೂ ಅಷ್ಟನ್ನು ಮಾಡಿದರೆ ನಮಗೆ ಮಾತಾಡಲು ನೆಲ ಸಿಗುತ್ತದೆ.

ನೀರಿನ ವಿಷಯದಲ್ಲಿ ಆ ನೆಲ ಈಗಾಗಲೇ ಇದೆ. ಇಟಲಿಯಲ್ಲಿ ಮೊದಲ ಸಲ ಕಲ್ಲಾದ 199 ಜನರನ್ನು ಐದು ವರ್ಷ ನೋಡಿದರು. 1996ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡು ಲೀಟರ್ ಮೂತ್ರ ಆಗುವಷ್ಟು ನೀರು ಕುಡಿದ 99 ಜನರಲ್ಲಿ 12 ಮಂದಿಗೆ ಮತ್ತೆ ಕಲ್ಲಾಯಿತು. ಏನೂ ಹೇಳದೆ ಬಿಟ್ಟ 100 ಜನರಲ್ಲಿ 27 ಮಂದಿಗೆ. ಬರೀ ನೀರಿನಿಂದ ಅರ್ಧಕ್ಕಿಂತ ಕಡಿಮೆ. ಬಾರ್ಲಿ ನೀರಿನಲ್ಲಿ ಬಾರ್ಲಿ ಎಷ್ಟು, ಎರಡು ಚಮಚ. ಉಳಿದದ್ದೆಲ್ಲ ನೀರು. ಅದು ಕೆಲಸ ಮಾಡುತ್ತದೆ ಅಂತ ಜನ ಕಂಡುಕೊಂಡದ್ದು ಸುಮ್ಮನೆ ಅಲ್ಲ, ಆದರೆ ಕೆಲಸ ಮಾಡಿದ್ದು ಯಾವುದು ಅನ್ನುವುದೇ ಪ್ರಶ್ನೆ.

ತೋಟದಮನೆ, ಶಿರಸಿ

ಇವರು ದಿನಕ್ಕೆ ಮೂರು ಲೀಟರ್ ಕುಡಿಯುತ್ತಾರಲ್ಲ, ಆದರೂ ಕಲ್ಲು ಯಾಕಾಯಿತು? ನನ್ನ ಉರಿಮೂತ್ರದ ಮಾತ್ರೆ ಇನ್ನೂ ಶುರು ಮಾಡಿಲ್ಲ. ಮೆಡಿಕಲ್ ಶಾಪಿನಲ್ಲಿ ಉರಿಗೆ ಅಂತ ಒಂದು ಸಿರಪ್ ಕೊಟ್ಟರು, ಅದನ್ನು ನೀರಿಗೆ ಹಾಕಿ ಕುಡಿಯುತ್ತಿದ್ದೇನೆ. ಸ್ವಲ್ಪ ಹಿತ ಅನ್ನಿಸುತ್ತದೆ.

ಹೊನ್ನಾವರ ಸಿಸ್ಟರ್

ಮೊದಲು ನಿಮ್ಮದು. ನಿಮಗೆ ಜ್ವರ, ಪಕ್ಕೆನೋವು ಇಲ್ಲ ತಾನೇ? ಬಸುರಿ ಅಲ್ಲ ತಾನೇ? ಇದ್ದರೆ ಇಲ್ಲಿ ಓದುವುದು ಬಿಟ್ಟು ಇವತ್ತೇ ಹೋಗಿ.

ಇಲ್ಲ ಅಂದರೆ ಕೇಳಿ. ಹೆಂಗಸರ ಸಾದಾ ಉರಿಮೂತ್ರ ಎಷ್ಟೋ ಸಲ ತಾನಾಗಿಯೂ ಕಡಿಮೆಯಾಗುತ್ತದೆ. ಜರ್ಮನಿಯಲ್ಲಿ ಕೆಲವರಿಗೆ ಆಂಟಿಬಯೋಟಿಕ್, ಕೆಲವರಿಗೆ ಬರೀ ಐಬುಪ್ರೊಫೆನ್ ಕೊಟ್ಟು ನೋಡಿದರು, 2015ರಲ್ಲಿ ಬಂದದ್ದು. ಐಬುಪ್ರೊಫೆನ್ ಗುಂಪಿನಲ್ಲಿ ಮೂವರಲ್ಲಿ ಇಬ್ಬರಿಗೆ ಆಂಟಿಬಯೋಟಿಕ್ ಬೇಕಾಗಲೇ ಇಲ್ಲ. ಬಾರ್ಲಿ ನೀರು ಕುಡಿದು ಗುಣವಾಯಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ ಅನ್ನುವುದಕ್ಕೆ ಇದೇ ಕಾರಣ. ಆದರೆ ಅದೇ ಗುಂಪಿನಲ್ಲಿ ಉರಿ ಹೆಚ್ಚು ದಿನ ಇತ್ತು, ಸೋಂಕು ಕಿಡ್ನಿಗೆ ಏರಿದವರೂ ಅಲ್ಲೇ ಹೆಚ್ಚು. ಯಾರಿಗೆ ಏರುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ನಿಮಗೆ ಮತ್ತೆ ಮತ್ತೆ ಬರುತ್ತಿದೆ, ಡಾಕ್ಟ್ರು ಬರೆದಿದ್ದಾರೆ. ಮಾತ್ರೆ ಶುರು ಮಾಡಿ, ಹೇಳಿದಷ್ಟು ದಿನ ಮುಗಿಸಿ. ಶುರು ಮಾಡುವ ಮೊದಲು ಮೂತ್ರದ ಕಲ್ಚರಿಗೆ ಕೊಡಿ, ಮೊದಲ ಹನಿ ಬಿಟ್ಟು ನಡುವಿನ ಮೂತ್ರ. ಕಳೆದ ಸಲ ಯಾವ ಕ್ರಿಮಿ ಇತ್ತು, ಯಾವ ಮದ್ದಿಗೆ ಬಗ್ಗುತ್ತದೆ ಅನ್ನುವುದು ಗೊತ್ತಿಲ್ಲದೆ ಪ್ರತಿ ಸಲ ಹೊಸ ಮಾತ್ರೆ ನುಂಗುವುದು ಒಳ್ಳೆಯದಲ್ಲ.

ಆ ಸಿರಪ್ ಬಿಡಿ. ಅದು ಮೂತ್ರದ ಆಮ್ಲತೆ ಇಳಿಸುತ್ತದೆ, ನಿಮಗೆ ಬರೆದ ನೈಟ್ರೋಫ್ಯುರಾಂಟೊಯಿನ್ ಆಮ್ಲ ಮೂತ್ರದಲ್ಲೇ ಚೆನ್ನಾಗಿ ಕೆಲಸ ಮಾಡುವ ಮದ್ದು. ಎರಡನ್ನೂ ಒಟ್ಟಿಗೆ ತಗೊಂಡರೆ ಒಂದು ಇನ್ನೊಂದರ ಕಾಲೆಳೆಯುತ್ತದೆ. ಮಾತ್ರೆಯನ್ನು ಊಟದ ಜೊತೆ ತಗೊಳ್ಳಿ, ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಉಷ್ಣ ಅಂತಲೂ ತಿಳಿಯಬೇಡಿ, ಅದು ಮಾತ್ರೆಯ ಬಣ್ಣ.

ಬಾರ್ಲಿ ನೀರಿಗೆ ಜಾಗ ಇರುವುದು ಇದೆಲ್ಲ ಮುಗಿದ ಮೇಲೆ, ಮತ್ತೆ ಬಾರದ ಹಾಗೆ. ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಬರುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ 140 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಾ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿಸಿದರು. ವರ್ಷದ ಕೊನೆಗೆ ಅವರಿಗೆ ಸರಾಸರಿ 1.7 ಸಲ, ಮೊದಲಿನಂತೆಯೇ ಕುಡಿದವರಿಗೆ 3.2 ಸಲ. ಬರೀ ನೀರು. ಬಾರ್ಲಿ ಹಾಕಿದರೆ ಕುಡಿಯಲು ಮನಸ್ಸಾಗುತ್ತದೆ ಅಂದರೆ ಹಾಕಿ, ಒಂದು ಲೀಟರಿಗೆ ಎರಡು ಚಮಚ ಸಾಕು, ಉಪ್ಪು ಸಕ್ಕರೆ ಬೇಡ. ನಮ್ಮ ಕಡೆ ಹೆಂಗಸರು ಮದುವೆಗೆ, ಬಸ್ಸಿಗೆ ಹೊರಟರೆ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಶೌಚಾಲಯ ಸಿಗುವುದಿಲ್ಲ ಅಂತ. ಉರಿಮೂತ್ರದ ಬೇರು ಬಹಳ ಸಲ ಅಲ್ಲಿರುತ್ತದೆ.

ಈಗ ನಿಮ್ಮ ಮನೆಯವರದು. ಕುಡಿದದ್ದನ್ನು ಅಳೆಯಬೇಡಿ, ಹೊರಗೆ ಬಂದದ್ದನ್ನು ಅಳೆಯಿರಿ. ಬೆಳಿಗ್ಗೆ ಎದ್ದ ಮೊದಲ ಮೂತ್ರ ಬಿಟ್ಟುಬಿಡಿ. ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ, ಅದೂ ಸೇರಿ, ಎಲ್ಲವನ್ನೂ ಅಳತೆಯ ಬಾಟಲಿಗೆ ಹಿಡಿಯಲಿ. ಎರಡೂವರೆ ಲೀಟರ್ ಆಗಬೇಕು. ತೋಟದಲ್ಲಿ ಕೆಲಸ ಇರುವ ದಿನ ಮಾಡಿ, ಮಳೆಯಲ್ಲಿ ಮನೆಯಲ್ಲಿ ಕೂತ ದಿನ ಬೇಡ.

ಕುಮಟಾ ಹೆಗಡೆ

ನಾನು ಒಂದು ಎಚ್ಚರಿಕೆ ಹೇಳಲೇಬೇಕು. ಅಪ್ಪಯ್ಯನಿಗೆ ಸಕ್ಕರೆಯಿಂದ ಕಿಡ್ನಿ ಸೋತಿದೆ, ಕ್ರಿಯಾಟಿನಿನ್ 3ರ ಹತ್ತಿರ. ಕಿಡ್ನಿಗೆ ಒಳ್ಳೆಯದು ಅಂತ ಯಾರೋ ಹೇಳಿದರು, ದಿನಾ ದಿಂಡಿನ ರಸ, ಮಧ್ಯಾಹ್ನ ಎಳನೀರು ಶುರು ಮಾಡಿದರು. ಕಾಲಲ್ಲಿ ಬಲವೇ ಇಲ್ಲ ಅಂತ ಕೂತುಬಿಟ್ಟರು. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 6.8. ಇಸಿಜಿ ನೋಡಿ ಅಲ್ಲೇ ಅಡ್ಮಿಟ್ ಮಾಡಿಕೊಂಡರು. ಕಿಡ್ನಿಯ ಕಲ್ಲಿಗೆ ಅಂತ ಹೇಳುವ ಮದ್ದನ್ನು ಕಿಡ್ನಿಯ ಎಲ್ಲ ರೋಗಕ್ಕೂ ಅಂತ ಜನ ತಿಳಿಯುತ್ತಾರೆ. ದಯವಿಟ್ಟು ಹಾಗೆ ಹಂಚಬೇಡಿ.

ಹೊನ್ನಾವರ ಸಿಸ್ಟರ್

ಹೆಗಡೆಯವರೆ, ಇದನ್ನು ಬರೆದದ್ದು ಒಳ್ಳೆಯದಾಯಿತು. ಮೇಷ್ಟ್ರು ಹೊಗಳಿದ ಪೊಟ್ಯಾಸಿಯಂ ಇದೇ. ಕಿಡ್ನಿ ಸರಿ ಇರುವವರು ಅದನ್ನು ಹೊರಗೆ ಹಾಕುತ್ತಾರೆ, ಸೋತವರಲ್ಲಿ ರಕ್ತದಲ್ಲೇ ನಿಂತು ಹೃದಯದ ಬಡಿತ ತಪ್ಪಿಸುತ್ತದೆ. ಬಿ.ಪಿ.ಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ತಗೊಳ್ಳುವವರು, ಹೃದಯಕ್ಕೆ ಸ್ಪೈರನೊಲ್ಯಾಕ್ಟೋನ್ ತಗೊಳ್ಳುವವರು ದಿನಾ ರಸ ಕುಡಿಯುವ ಮೊದಲು ಡಾಕ್ಟ್ರಲ್ಲಿ ಕೇಳಬೇಕು. ಕಿಡ್ನಿ, ಹೃದಯ ಸೋತ ಕೆಲವರಿಗೆ ನೀರನ್ನೂ ಮಿತಿ ಮಾಡಿರುತ್ತಾರೆ, ಬಾರ್ಲಿ ನೀರು ಅಂತ ಎರಡು ಲೀಟರ್ ಕುಡಿದರೆ ಉಸಿರು ಕಟ್ಟಬಹುದು.

ಗೋಕರ್ಣ ಬಾಳೆ

ನಾನು ಬಾಳೆ ಬೆಳೆಯುವವನು, ದಿಂಡಿನ ಬಗ್ಗೆ ನನಗೆ ಗೊತ್ತಿದ್ದನ್ನು ಹೇಳುತ್ತೇನೆ. ದೊಡ್ಡ ತೋಟಗಳಲ್ಲಿ ಕಾಂಡ ಕೊರೆಯುವ ಹುಳಕ್ಕೆ ಕೀಟನಾಶಕವನ್ನು ಸಿರಿಂಜಿನಲ್ಲಿ ಕಾಂಡದೊಳಗೇ ಚುಚ್ಚುತ್ತಾರೆ. ಪೇಟೆಯಲ್ಲಿ ಸಿಗುವ ದಿಂಡು ಯಾವ ತೋಟದ್ದು, ಚುಚ್ಚಿದ್ದೋ ಇಲ್ಲವೋ ನೋಡಿ ಹೇಳಲು ಆಗುವುದಿಲ್ಲ. ರಸ ಮಾಡಿದರೆ ಒಂದು ಲೋಟಕ್ಕೆ ಎಷ್ಟೋ ದಿಂಡು ಹಿಂಡುತ್ತೀರಿ, ಅದೂ ಹಸಿ. ನಿಮ್ಮ ತೋಟದ್ದೇ ಆದರೆ, ಗೊನೆ ಕಡಿದ ಮೇಲೆ ಹಾಳೆಗಳನ್ನೆಲ್ಲ ಬಿಡಿಸಿ ಒಳಗಿನ ಬಿಳಿ ದಿಂಡು ಮಾತ್ರ ತಗೊಳ್ಳಿ. ಬಿಲ್ಲೆ ಹೆಚ್ಚುವಾಗ ನೂಲನ್ನು ಬೆರಳಿಗೆ ಸುತ್ತಿ ತೆಗೆದು ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಹೊರಗಿನ ಹಾಳೆಯನ್ನೂ ಸೇರಿಸಿ ರುಬ್ಬಿದರೆ ಗಂಟಲು ಕೆರೆಯುತ್ತದೆ.

ಇನ್ನೊಂದು, ನಮ್ಮೂರಲ್ಲಿ ದಿಂಡಿನ ರಸಕ್ಕೆ ಬಿಂಬುಳಿ ರಸ ಸೇರಿಸಿ ಕುಡಿಯುವವರಿದ್ದಾರೆ, ಹುಳಿ ಕಲ್ಲು ಕರಗಿಸುತ್ತದೆ ಅಂತ. ಅದು ಸರಿಯೇ?

ಹೊನ್ನಾವರ ಸಿಸ್ಟರ್

ಖಂಡಿತ ಬೇಡ. ಬಿಂಬುಳಿ ತುಂಬ ಇರುವುದು ಆಕ್ಸಲೇಟ್. ಕೇರಳದಲ್ಲಿ ಕೊಲೆಸ್ಟರಾಲಿಗೆ ಅಂತ ಬಿಂಬುಳಿ ರಸ ಕುಡಿದ ಹತ್ತು ಜನರ ಕಿಡ್ನಿ ಒಮ್ಮೆಲೇ ನಿಂತದ್ದು 2013ರಲ್ಲಿ ವೈದ್ಯರ ಪತ್ರಿಕೆಯಲ್ಲಿ ಬಂದಿದೆ. ಏಳು ಜನರಿಗೆ ಡಯಾಲಿಸಿಸ್ ಬೇಕಾಯಿತು. ಸಾರಿಗೆ ಎರಡು ಕಾಯಿ ಹಾಕಿ ತಿಂದವರಿಗೆ ಆದದ್ದಲ್ಲ, ರಸ ಹಿಂಡಿ ಕುಡಿದವರಿಗೆ ಆದದ್ದು. ಪಂಡಿತರು ಪಲ್ಯ ಬೇರೆ, ಅರ್ಧ ಲೀಟರ್ ರಸ ಬೇರೆ ಅಂದದ್ದನ್ನು ಇಲ್ಲಿ ನೆನಪಿಡಿ.

ಅಂಕೋಲಾ ಮೇಷ್ಟ್ರು

ಪೊಟ್ಯಾಸಿಯಂ ಯಾರಿಗೆ ಬೇಡ ಎಂಬುದು ತಿಳಿಯಿತು. ಆದರೆ ಹಾಲು ಮೊಸರಿನ ಬಗ್ಗೆ ಯಾರೂ ಉತ್ತರಿಸಲಿಲ್ಲ. ಕ್ಯಾಲ್ಸಿಯಂ ಕಲ್ಲು ಇರುವವನು ಕ್ಯಾಲ್ಸಿಯಂ ತಿನ್ನಬಹುದು ಎನ್ನುವುದು ನನ್ನ ತರ್ಕಕ್ಕೆ ಹೊಂದುವುದಿಲ್ಲ.

ಹೊನ್ನಾವರ ಸಿಸ್ಟರ್

ಮೇಷ್ಟ್ರೆ, ಆ ತರ್ಕವನ್ನು ಡಾಕ್ಟ್ರುಗಳೇ ಬಹಳ ಕಾಲ ನಂಬಿದ್ದರು. 2002ರಲ್ಲಿ ಅದೇ ಇಟಲಿಯವರು ಮತ್ತೆ ಮತ್ತೆ ಕಲ್ಲಾಗುವ ಗಂಡಸರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಹಾಲು ಮೊಸರು ಕಡಿಮೆ. ಇನ್ನೊಂದಕ್ಕೆ ಹಾಲು ಮೊಸರು ಎಂದಿನಂತೆ, ಉಪ್ಪು ಮತ್ತು ಮಾಂಸ ಕಡಿಮೆ. ಐದು ವರ್ಷದಲ್ಲಿ ಹಾಲು ಬಿಟ್ಟವರಿಗೇ ಸುಮಾರು ಎರಡು ಪಟ್ಟು ಕಲ್ಲಾಯಿತು. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಒಯ್ಯುತ್ತದೆ. ಅದಿಲ್ಲದಿದ್ದರೆ ಆಕ್ಸಲೇಟ್ ರಕ್ತ ಸೇರಿ ಮೂತ್ರಕ್ಕೆ ಬರುತ್ತದೆ. ಹರಿವೆ, ಬಸಳೆ, ಕೆಸುವಿನ ಪದಾರ್ಥ ಮಾಡಿದ ದಿನ ಅದೇ ಊಟಕ್ಕೆ ಮೊಸರು, ಮಜ್ಜಿಗೆ ಇರಲಿ. ಕಡಿಮೆ ಮಾಡಬೇಕಾದದ್ದು ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಅಂದರೆ ಉಪ್ಪು.

ಅಂಕೋಲಾ ಮೇಷ್ಟ್ರು

ಊಟದ ಹಾಲು ಮೊಸರಿಗೆ ಒಪ್ಪುತ್ತೇನೆ. ಎಲೆಯಡಿಕೆಯ ಸುಣ್ಣ ಊಟದ ಜೊತೆ ಹೋಗುವುದಲ್ಲ, ದಿನವಿಡೀ ಜಗಿಯುವುದು. ಅದರ ಬಗ್ಗೆ ನನ್ನ ಸಂಶಯ ಹಾಗೆಯೇ ಇದೆ.

ಹೊನ್ನಾವರ ಸಿಸ್ಟರ್

ಅದನ್ನು ಸಂಶಯವಾಗಿಯೇ ಇಟ್ಟುಕೊಳ್ಳಿ ಮೇಷ್ಟ್ರೆ. ಊಟವಿಲ್ಲದ ಹೊತ್ತಿನಲ್ಲಿ ಹೋಗುವ ಕ್ಯಾಲ್ಸಿಯಂ ಊಟದ ಕ್ಯಾಲ್ಸಿಯಂ ಹಾಗೆ ಅಲ್ಲ ಅನ್ನುವುದು ನಿಜ. ಎಲೆಯಡಿಕೆ ಬಿಡಲು ಬಾಯಿಯ ಕ್ಯಾನ್ಸರ್ ಎಂಬ ದೊಡ್ಡ ಕಾರಣ ಮೊದಲೇ ಇದೆ.

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನನ್ನ ಮಾತ್ರೆ ಮುಗಿಯಿತು, ಉರಿ ಇಲ್ಲ. ಕಲ್ಚರಿನಲ್ಲಿ ಇ. ಕೋಲೈ ಬಂತು, ಕೊಟ್ಟ ಮಾತ್ರೆಗೆ ಬಗ್ಗುವಂಥದ್ದೇ.

ಇವರ ಮೂತ್ರ ಅಳೆದೆವು. ಕುಡಿದದ್ದು ಮೂರು ಲೀಟರ್ ಹತ್ತಿರ, ಬಂದದ್ದು 1,100 ಮಿಲಿ. ಅಡಿಕೆ ಕೊಯ್ಲಿನ ಸಮಯ, ಬೆವರಿನಲ್ಲೇ ಹೋಗುತ್ತದೆ ಅನ್ನಿಸುತ್ತದೆ. ಅತ್ತೆಗೆ ಬಾಟಲಿ ತೋರಿಸಿದೆ. ಒಂದು ಲೋಟ ರಸ ಅಂದರೆ 200 ಮಿಲಿ, ಕೊರತೆ ಒಂದೂವರೆ ಲೀಟರ್ ಹತ್ತಿರ ಅಂತ ಅವರೇ ಲೆಕ್ಕ ಹಾಕಿದರು. ಈಗ ತೋಟಕ್ಕೆ ನೀರಿನ ಕೊಡ ಕಳಿಸುವುದು ಅವರೇ. ರಸ ಬಿಟ್ಟಿಲ್ಲ, ದಿನ ಬಿಟ್ಟು ದಿನ ಸಣ್ಣ ಲೋಟ ಮಾಡಿದ್ದಾರೆ. ಅದಕ್ಕೆ ನಾನೂ ಏನೂ ಹೇಳಲಿಲ್ಲ.

ನಿನ್ನೆ ಇವರ ಮೂತ್ರವನ್ನು ಟೀ ಸೋಸುವ ಜಾಲರಿಯಲ್ಲಿ ಸೋಸಿದಾಗ ಕಂದು ಬಣ್ಣದ, ಮುಳ್ಳುಮುಳ್ಳಾದ ಒಂದು ಕಾಳು ಸಿಕ್ಕಿದೆ. ಎಳ್ಳಿಗಿಂತ ಸ್ವಲ್ಪ ದೊಡ್ಡದು. ನೋವು ನಿಂತಿದೆ. ಇದು ಪೂರ್ತಿ ಕಲ್ಲೋ, ತುಂಡೋ? ಇದನ್ನು ಏನು ಮಾಡಲಿ?

ಸಿದ್ದಾಪುರ ಪಂಡಿತರ ಮನೆ

ಬಿದ್ದದ್ದು ಸಂತೋಷ. ರಸದಿಂದ ಬಿತ್ತೋ ಕಾಲದಿಂದ ಬಿತ್ತೋ ಎಂದು ನಾನೂ ಸಿಸ್ಟರ್ ಇಬ್ಬರೂ ಹೇಳಲಾರೆವು. ದಿಂಡಿನ ಪಲ್ಯ ಮುಂದುವರಿಸಿ ಎಂದೇ ನನ್ನ ಮಾತು.

ಹೊನ್ನಾವರ ಸಿಸ್ಟರ್

ಪಲ್ಯಕ್ಕೆ ನನ್ನದೇನೂ ಅಡ್ಡಿಯಿಲ್ಲ ಪಂಡಿತರೆ.

ತಂಗಿ, ಎಳ್ಳಿನಷ್ಟು ಅಂದರೆ 3 ಮಿ.ಮೀ. ಆಚೀಚೆ. ವರದಿಯಲ್ಲಿ 6 ಇತ್ತು. ಅಲ್ಟ್ರಾಸೌಂಡ್ ಕೆಲವು ಸಲ ಕಲ್ಲನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ, ಹಾಗಾಗಿ ಇದೇ ಪೂರ್ತಿ ಇರಬಹುದು. ತುಂಡಾಗಿ ಉಳಿದದ್ದು ಮೇಲೆ ಇರಲೂಬಹುದು. ಹೇಳಿದ ದಿನಕ್ಕೆ ಸ್ಕ್ಯಾನ್ ಮಾಡಿಸಿ, ಅಲ್ಲಿಯವರೆಗೆ ಜಾಲರಿ ಮುಂದುವರಿಯಲಿ.

ಕಲ್ಲನ್ನು ನೀರಲ್ಲಿ ತೊಳೆದು, ಕಾಗದದ ಮೇಲೆ ಒಣಗಿಸಿ, ಸಣ್ಣ ಒಣ ಡಬ್ಬಿಯಲ್ಲಿ ಹಾಕಿ. ಸೆಲ್ಲೋಟೇಪ್ ಅಂಟಿಸಬೇಡಿ, ಸ್ಪಿರಿಟ್ಟಿನಲ್ಲಿ ಹಾಕಬೇಡಿ, ಅಂಟು ಸೇರಿದರೆ ಪರೀಕ್ಷೆ ಕೆಡುತ್ತದೆ. ಲ್ಯಾಬಿನಲ್ಲಿ ಸ್ಟೋನ್ ಅನಾಲಿಸಿಸ್ ಅಂತ ಕೇಳಿ, ಇನ್‌ಫ್ರಾರೆಡ್ ವಿಧಾನದಲ್ಲಿ ಮಾಡುವ ಕಡೆಗೆ ಕಳಿಸುತ್ತಾರೆಯೇ ವಿಚಾರಿಸಿ. ಇಲ್ಲಿ ಆಗದಿದ್ದರೂ ಹುಬ್ಬಳ್ಳಿ, ಮಂಗಳೂರಿಗೆ ಕೊರಿಯರ್ ಮಾಡುವ ಲ್ಯಾಬುಗಳಿವೆ. ಯೂರಿಕ್ ಆಸಿಡ್ ಬಂದರೆ ಮೇಷ್ಟ್ರು ಹೇಳಿದ ಸಿಟ್ರೇಟಿಗೆ ಕೆಲಸ ಇದೆ. ಆಕ್ಸಲೇಟ್ ಬಂದರೆ ಉಪ್ಪು, ಮಜ್ಜಿಗೆ, ಆ ಎರಡೂವರೆ ಲೀಟರ್ ಮೂತ್ರ. ವರದಿ ಬಂದ ಮೇಲೆ ಇಲ್ಲೇ ಹಾಕಿ.